ಎಣ್ಣೆ ಪ್ಯಾಕೆಟ್ ಕೊಳ್ಳುವಾಗ ಬೆಲೆಯೊಂದನ್ನೇ ನೋಡಬೇಡಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ಅಂಗಡಿಯೊಂದರಿಂದ ನಾವು ತಿಂಗಳಿಗೆ ನಾಲ್ಕು ಪ್ಯಾಕೆಟ್ ಸೂರ್ಯಕಾಂತಿ ಎಣ್ಣೆ ತರುತ್ತೇವೆ. ಈಚೆಗೆ ಇಪ್ಪತ್ತೈದನೇ ತಾರೀಕಿಗೇ ಎಣ್ಣೆ ಮುಗಿಯತೊಡಗಿತು. "ಒಗ್ಗರಣೆಗೆ ಸ್ವಲ್ಪ ಕೈ ಬಿಗಿ ಹಿಡಿಯಮ್ಮ" ಅಂತ ಅತ್ತೆ ಹೇಳಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ನಾನು ಹಾಕುತ್ತಿದ್ದದ್ದು ಎಂದಿನಷ್ಟೇ.

ಕಳೆದ ವಾರ ಪ್ಯಾಕೆಟ್ ಕತ್ತರಿಸಿ ಸ್ಟೀಲ್ ಡಬ್ಬಿಗೆ ಸುರಿದೆ. ಒಂದು ಲೀಟರ್ ಸುರಿದರೆ ಡಬ್ಬಿಯ ಕುತ್ತಿಗೆಯವರೆಗೆ ಬರುತ್ತಿದ್ದ ಎಣ್ಣೆ ಎರಡು ಬೆರಳು ಕೆಳಗೇ ನಿಂತಿತು. ಪ್ಯಾಕೆಟ್ ತಿರುಗಿಸಿ ನೋಡಿದರೆ, ಹಿಂದೆ, ಮಡಿಕೆಯ ಪಕ್ಕ, ಸಣ್ಣ ಅಕ್ಷರದಲ್ಲಿ 750 ಗ್ರಾಂ! ಬಣ್ಣ ಅದೇ, ಚಿತ್ರ ಅದೇ, 140 ರೂಪಾಯಿಯೂ ಅದೇ. "ರೇಟ್ ಏರಿಲ್ಲ ಅಕ್ಕಾ" ಅಂತ ಅಂಗಡಿಯವರು ಪ್ರತಿ ತಿಂಗಳೂ ಹೇಳುತ್ತಿದ್ದರು. ಅದನ್ನು ನಂಬಿ ನಾನು ತೂಕ ನೋಡಿಯೇ ಇರಲಿಲ್ಲ.

ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 140 ರೂಪಾಯಿಗೆ 910 ಗ್ರಾಂ ಬರುತ್ತಿದ್ದಾಗ ಕಿಲೋಗೆ 154 ರೂಪಾಯಿ ಬೀಳುತ್ತಿತ್ತು. ಈಗ ಬೀಳುವುದು 187. ಕಿಲೋಗೆ 33 ರೂಪಾಯಿ ಏರಿದ್ದು ನಮಗೆ ಗೊತ್ತೇ ಆಗಲಿಲ್ಲ. ನಾಲ್ಕು ಪ್ಯಾಕೆಟ್ಟಿಗೆ 640 ಗ್ರಾಂ ಕಮ್ಮಿ. ಆ ಕೊನೆಯ ಐದು ದಿನದ ಎಣ್ಣೆ ಅಲ್ಲಿ ಹೋಗಿದೆ.

ಇದು ಕಾನೂನಿಗೆ ವಿರುದ್ಧವೂ ಅಲ್ಲ. ಮೊದಲು ಅಡುಗೆ ಎಣ್ಣೆಯನ್ನು ಇಂತಿಂಥ ಅಳತೆಯಲ್ಲೇ ಪ್ಯಾಕ್ ಮಾಡಬೇಕು ಎಂಬ ಪಟ್ಟಿ ಇತ್ತು. 2021ರ ನವೆಂಬರಿನ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿ, ಬದಲಿಗೆ ಒಂದು ಗ್ರಾಂಗೋ ಒಂದು ಮಿಲಿಲೀಟರಿಗೋ ಎಷ್ಟು ಬೆಲೆ ಎಂದು ಪ್ಯಾಕೆಟ್ ಮೇಲೆ ಮುದ್ರಿಸಬೇಕು ಅಂತ ಮಾಡಿದರು. ಎಂಆರ್‌ಪಿ ಹತ್ತಿರ ಹುಡುಕಿ, ಸಿಗುತ್ತದೆ. ನನ್ನ ಪ್ಯಾಕೆಟ್ಟಿನಲ್ಲಿ ಗ್ರಾಂಗೆ 0.19 ಎಂದಿತ್ತು. ಹಳೆಯ ಅಳತೆಗೆ ಅದು 0.15 ಆಗುತ್ತಿತ್ತು. ಮೂರು ನಾಲ್ಕು ಪೈಸೆ ತಾನೇ ಅನ್ನಿಸುತ್ತದೆ, ಆದರೆ ಕಿಲೋಗೆ ಅದೇ 33 ರೂಪಾಯಿ.

ಇಲ್ಲೂ ಒಂದು ಕಡೆ ಎಡವುತ್ತೀರಿ. ಒಂದು ಪ್ಯಾಕೆಟ್ಟಿನ ಮೇಲೆ ಗ್ರಾಂ ಲೆಕ್ಕ, ಪಕ್ಕದ ಪ್ಯಾಕೆಟ್ಟಿನ ಮೇಲೆ ಮಿಲಿಲೀಟರ್ ಲೆಕ್ಕ ಇರಬಹುದು. ನನ್ನ 750 ಗ್ರಾಂ ಎಣ್ಣೆಯನ್ನೇ ಮಿಲಿಲೀಟರಿನಲ್ಲಿ ಹೇಳಿದರೆ 824, ಬೆಲೆ 0.17. ಎಣ್ಣೆ ಒಂದೇ ಆದರೂ ಅಗ್ಗ ಎನ್ನಿಸುತ್ತದೆ. ಹಾಗಾಗಿ ಎರಡರಲ್ಲೂ ಗ್ರಾಂ ತೂಕವನ್ನೇ ಹುಡುಕಿ, ಬೆಲೆಯನ್ನು ಅದರಿಂದ ಭಾಗಿಸಿ.

ಮುದ್ರಿಸಿದ್ದಕ್ಕಿಂತ ತೂಕ ನಿಜವಾಗಿ ಕಮ್ಮಿ ಇದ್ದರೆ, ಅಥವಾ ಗ್ರಾಂ ಬೆಲೆ ಹಾಕಬೇಕಾದ ಪ್ಯಾಕೆಟ್ಟಿನಲ್ಲಿ ಅದು ಇಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ನನ್ನದರಲ್ಲಿ ಎರಡೂ ಸರಿಯಾಗಿತ್ತು, ದೂರಿಗೆ ಜಾಗವಿರಲಿಲ್ಲ. ಈ ತಿಂಗಳು 910 ಗ್ರಾಮಿನ ಬೇರೆ ಪ್ಯಾಕೆಟ್ ತಂದೆ, 152 ರೂಪಾಯಿ. ಹನ್ನೆರಡು ರೂಪಾಯಿ ಹೆಚ್ಚು ಕೊಟ್ಟರೂ ಕಿಲೋಗೆ 167ಕ್ಕೇ ಬಿತ್ತು.