ಹಸಿರು ಕಂಡಲ್ಲೆಲ್ಲ ತೊಗರಿ ಇಲ್ಲ: ಡ್ರೋನ್ ಇಳುವರಿ ನಕ್ಷೆ, ಮೂರನೇ ವರ್ಷದ ವಿಮರ್ಶೆ

ಜೇವರ್ಗಿ ತಾಲ್ಲೂಕಿನ ಎಂಟು ಎಕರೆ ಎರೆ ಹೊಲ, ಪೂರ್ತಿ ತೊಗರಿ, ಪೂರ್ತಿ ಮಳೆಯಾಶ್ರಿತ. ಈ ಹೊಲಕ್ಕೆ ನಾನು ತೆಗೆದುಕೊಂಡ ಸೇವೆಯಲ್ಲಿ ಎರಡು ಭಾಗಗಳಿವೆ. ಹಂಗಾಮಿನಲ್ಲಿ ಕೆಲವು ಬಾರಿ ಡ್ರೋನ್ ಹಾರಿಸಿ ಬೆಳೆಯ ನಕ್ಷೆ ಕೊಡುತ್ತಾರೆ. ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ನೆಟ್ಟು ಮೊಬೈಲ್‌ಗೆ ಅಂಕಿ ಕಳಿಸುತ್ತಾರೆ. ಕೊನೆಗೆ ಇಷ್ಟು ಕ್ವಿಂಟಲ್ ಬರುತ್ತದೆ ಎಂಬ ಅಂದಾಜು ವರದಿ. ಸಂಸ್ಥೆಯ ಹೆಸರು ಬೇಡ, ಏಕೆಂದರೆ ಇದೇ ನಮೂನೆಯ ಸೇವೆ ಈಗ ಹಲವರು ಕೊಡುತ್ತಾರೆ, ತೊಂದರೆಯೂ ಒಂದೇ ನಮೂನೆಯದು.

ನಕ್ಷೆ ಅಳೆಯುವುದು ಏನನ್ನು ಎಂಬುದು ಮೊದಲು ಗೊತ್ತಿರಬೇಕು. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಹೊರಗೆ ಎಸೆಯುತ್ತದೆ. ಎರಡರ ನಡುವಿನ ಅಂತರದಿಂದ ಎನ್‌ಡಿವಿಐ ಎಂಬ ಸೂಚ್ಯಂಕ ತೆಗೆದು ಬಣ್ಣ ಹಚ್ಚುತ್ತಾರೆ. ಅಂದರೆ ಅದು ಎಲೆಯ ಲೆಕ್ಕ, ಕಾಳಿನ ಲೆಕ್ಕವಲ್ಲ. ಗೋಧಿ, ಭತ್ತದಂಥ ಬೆಳೆಯಲ್ಲಿ ಎಲೆ ಚೆನ್ನಾಗಿದ್ದರೆ ತೆನೆಯೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ತೊಗರಿಯ ಸ್ವಭಾವ ಹಾಗಲ್ಲ. ಹೂವು ಉದುರಿದರೆ, ಕಾಯಿಕೊರಕ ಬಿದ್ದರೆ, ಗಿಡ ಮತ್ತಷ್ಟು ಎಲೆ ಬಿಟ್ಟುಕೊಂಡು ನಿಲ್ಲುತ್ತದೆ. ಮೇಲಿನಿಂದ ನೋಡಿದವರಿಗೆ ಭರ್ಜರಿ ಬೆಳೆ.

ಎರಡನೇ ವರ್ಷದ ಡಿಸೆಂಬರ್ ವರದಿಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ನಕ್ಷೆಯಲ್ಲಿ ಮೂರು ಬಣ್ಣ: ಸುಮಾರು ಒಂದು ಎಕರೆ ಕಡು ಹಸಿರು, ಐದು ಎಕರೆ ನಡುವಿನ ಬಣ್ಣ, ಎರಡು ಎಕರೆ ಪೇಲವ. ಅಂದಾಜು ಒಟ್ಟು 41 ಕ್ವಿಂಟಲ್. ಕಡು ಹಸಿರು ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಇಳುವರಿ ಹಾಕಿದ್ದರು. ನಕ್ಷೆ ತಂದ ಹುಡುಗ ಅದೇ ಮೂಲೆ ತೋರಿಸಿ, "ಕಾಕಾ, ಈ ಮೂಲೆ ನಿಮಗೆ ಬಂಗಾರ" ಎಂದ. ಅವನನ್ನು ಕರೆದುಕೊಂಡು ಅಲ್ಲಿಗೇ ಹೋದೆ. ಗಿಡಗಳು ಪೊದೆಯಂತೆ ಬೆಳೆದಿದ್ದವು, ಎಲೆ ಸಣ್ಣವು, ಅವುಗಳ ಮೇಲೆ ತಿಳಿ ಹಸಿರು ಮಚ್ಚೆ. ಕೊಂಬೆ ಬಗ್ಗಿಸಿ ನೋಡಿದರೆ ಒಂದು ಕಾಯಿಯೂ ಇಲ್ಲ. ಗೊಡ್ಡು ರೋಗ. ನುಸಿಯಿಂದ ಹರಡುವ ಈ ನಂಜು ರೋಗ ತಗುಲಿದ ಗಿಡ ಹೂ ಬಿಡುವುದಿಲ್ಲ. ಕಾಯಿ ಕಟ್ಟಿದ ಗಿಡಗಳೆಲ್ಲ ಮಾಗಿ ಎಲೆ ಉದುರಿಸುವ ಹೊತ್ತಿಗೆ ಇದು ಮಾತ್ರ ಹಸಿರಾಗಿಯೇ ಉಳಿಯುತ್ತದೆ. ಹಾಗಾಗಿ ಡಿಸೆಂಬರ್ ನಕ್ಷೆಯ ಅತಿ ಒಳ್ಳೆಯ ಬಣ್ಣವೇ ಹೊಲದ ಅತಿ ಕೆಟ್ಟ ಜಾಗ.

ರಾಶಿಗೆ ಮೊದಲು ನಾವೇ ಅಳತೆ ಮಾಡಿದೆವು. ಪ್ರತಿ ಬಣ್ಣದಲ್ಲಿ ಬದುವಿನಿಂದ ದೂರ ಎರಡು ಜಾಗ ಆರಿಸಿ, ಹಗ್ಗ ಹಿಡಿದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕಿ, ಅದರೊಳಗಿನ ಗಿಡ ಮಾತ್ರ ಕೊಯ್ದು, ಒಣಗಿಸಿ, ಬಡಿದು, ಕಾಳು ತೂಗಿದೆವು. ಒಂದು ಎಕರೆಯಲ್ಲಿ ಇಂಥ ಚೌಕ ಸುಮಾರು 162 ಆಗುತ್ತವೆ. ನಡುವಿನ ಬಣ್ಣದಲ್ಲಿ ಚೌಕಕ್ಕೆ ಸರಾಸರಿ 3.1 ಕಿಲೋ ಸಿಕ್ಕಿತು, ಅಂದರೆ ಎಕರೆಗೆ 5 ಕ್ವಿಂಟಲ್. ಪೇಲವ ಭಾಗದಲ್ಲಿ 1.5 ಕಿಲೋ, ಎಕರೆಗೆ 2.4 ಕ್ವಿಂಟಲ್. ಕಡು ಹಸಿರು 'ಬಂಗಾರ'ದಲ್ಲಿ 200 ಗ್ರಾಂ. ಒಟ್ಟು ಕೂಡಿದರೆ ಸುಮಾರು 30 ಕ್ವಿಂಟಲ್. ರಾಶಿಯಾದ ಮೇಲೆ ತೂಕದಲ್ಲಿ ಬಂದದ್ದು 28ಕ್ಕೆ ಸ್ವಲ್ಪ ಮೇಲೆ. ಕೊಯ್ಲಿನಲ್ಲಿ ಸಿಡಿದು ಹೋಗುವ ಕಾಳು ಇದ್ದೇ ಇರುತ್ತದೆ. ವರದಿಗೂ ನಮ್ಮ ಚೌಕಗಳಿಗೂ 11 ಕ್ವಿಂಟಲ್ ಅಂತರ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಹಿಡಿದರೆ 83,050 ರೂಪಾಯಿ. ವರದಿ ನಂಬಿ ಅಡತಿಯಲ್ಲಿ ಮುಂಗಡ ತೆಗೆದುಕೊಂಡವನ ಗತಿ ಯೋಚಿಸಿ.

ಇದನ್ನೇ ಹಿಡಿದುಕೊಂಡು ನಕ್ಷೆ ದಂಡ ಎನ್ನುವುದಿಲ್ಲ. ಆರು ಚೌಕದಲ್ಲಿ ಎಂಟು ಎಕರೆಯ ಲೆಕ್ಕ ಇಷ್ಟು ಹತ್ತಿರ ಬಂದದ್ದು ಎಲ್ಲಿ ಚೌಕ ಹಾಕಬೇಕೆಂದು ನಕ್ಷೆ ಹೇಳಿದ್ದರಿಂದಲೇ. ಕಣ್ಣಂದಾಜಿನಲ್ಲಿ ಚೌಕ ಹಾಕಲು ಹೊರಟರೆ ಕಾಲು ತಾನಾಗಿ ಒಳ್ಳೆಯ ಗಿಡಗಳ ಕಡೆಗೆ ಹೋಗುತ್ತದೆ. ಸೇವೆಯವರು ಗಡಿ ಗುರುತಿಸಿ, ಬಣ್ಣಕ್ಕೆ ಎರಡು ಚೌಕ ತೂಗಿ, ಆಮೇಲೆ ಕ್ವಿಂಟಲ್ ಬರೆದರೆ ನಾನು ಹೆಚ್ಚು ಹಣ ಕೊಡಲೂ ಸಿದ್ಧ. ತೂಕವಿಲ್ಲದ ಅಂದಾಜಿಗೆ ಬಿಡಿಗಾಸೂ ಕೊಡುವುದಿಲ್ಲ.

ಡ್ರೋನ್ ನಿಜವಾಗಿ ದುಡಿದದ್ದು ಅಕ್ಟೋಬರ್ ಕೊನೆಯ ಹಾರಾಟದಲ್ಲಿ. ಮಳೆಗಾಲದಲ್ಲಿ ನೀರು ನಿಂತಿದ್ದ ತಗ್ಗಿನಲ್ಲಿ ಗಿಡಗಳು ದುಂಡಗೆ ಒಣಗತೊಡಗಿದ್ದವು. ಎದೆಯೆತ್ತರದ ತೊಗರಿಯೊಳಗೆ ನಡೆಯುವವನಿಗೆ ಅದು ಪಕ್ಕಕ್ಕೆ ಬರುವವರೆಗೆ ಕಾಣುವುದಿಲ್ಲ. ಚಿತ್ರದಲ್ಲಿ ಮೂರು ಬೋಳು ವೃತ್ತ ಎದ್ದು ಕಂಡವು. ಒಣಗುವ ಗಿಡದ ಕಾಂಡ ಸೀಳಿ ನೋಡಿದೆ. ಒಳಗೆ ಉದ್ದಕ್ಕೂ ಕಂದು-ಕಪ್ಪು ಗೆರೆ, ನೆಟೆ ರೋಗ. ಆ ವರ್ಷ ಆ ಗಿಡ ಉಳಿಸಲು ದಾರಿಯಿಲ್ಲ, ಏಕೆಂದರೆ ಶಿಲೀಂಧ್ರ ಮಣ್ಣಿನಲ್ಲಿರುತ್ತದೆ. ಆದರೆ ವೃತ್ತಗಳ ಜಾಗ ಗುರುತಾಗಿದ್ದರಿಂದ ಮುಂದಿನ ಮುಂಗಾರಿನಲ್ಲಿ ಆ ತಗ್ಗಿಗೆ ಬಸಿಗಾಲುವೆ ತೆಗೆದು, ತೊಗರಿ ಬಿಟ್ಟು ಜೋಳ ಹಾಕಿದೆ. ಗೊಡ್ಡು ರೋಗದ ಮಾತು ಬೇರೆ. ಅದನ್ನು ಮೊದಲ ತಿಂಗಳುಗಳಲ್ಲಿ ಕಿತ್ತು ಹಾಕಬೇಕು, ಆಗ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಸಾಲಿನಲ್ಲಿ ನಡೆದು ಎಲೆ ನೋಡಲೇಬೇಕು. ಬೀಜ ಆರಿಸುವಾಗಲೂ ಎರಡನ್ನೂ ಕೇಳಿ: ಮಾರುತಿ ತಳಿ ನೆಟೆ ತಡೆಯುತ್ತದೆ, ಗೊಡ್ಡು ತಡೆಯುವುದಿಲ್ಲ, ಆಶಾ ಎರಡನ್ನೂ ತಡೆಯುತ್ತದೆ ಎಂದೇ ಹೆಸರಾದದ್ದು.

ಡಿಸೆಂಬರ್ ಹಾರಾಟಕ್ಕೆ ಹಣ ಕೊಡುವುದನ್ನು ನಿಲ್ಲಿಸಿದ್ದೇನೆ. ಸೆಂಟಿನೆಲ್-2 ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತದೆ, ಸುಮಾರು ಐದು ದಿನಕ್ಕೊಮ್ಮೆ. ಅದರ ಒಂದು ಚುಕ್ಕಿ ಹತ್ತು ಮೀಟರ್ ಚೌಕ, ಎಕರೆಗೆ ನಲವತ್ತು ಚುಕ್ಕಿ. ಒಂಟಿ ಗಿಡ ಕಾಣದು, ಆದರೆ ಬಣ್ಣದ ಗಡಿ ಗುರುತಿಸಲು ಸಾಕು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮೋಡ ಅಡ್ಡ ಬರುತ್ತದೆ, ಡಿಸೆಂಬರ್‌ನಲ್ಲಿ ನಮ್ಮ ಆಕಾಶ ಸ್ವಚ್ಛ. ನವೆಂಬರ್‌ನಿಂದ ಸಾಲಾಗಿ ನಾಲ್ಕೈದು ಚಿತ್ರ ನೋಡಿದರೆ, ಸುತ್ತಲಿನದು ಹಳದಿಗೆ ತಿರುಗುವಾಗ ಹಸಿರಾಗಿಯೇ ನಿಂತ ಜಾಗ ತಾನಾಗಿ ಬೇರೆಯಾಗುತ್ತದೆ. ಅಲ್ಲಿಗೆ ಹೋಗಿ ಕೊಂಬೆ ಬಗ್ಗಿಸಿ ನೋಡುವುದು.

ಇನ್ನು ಸೆನ್ಸರ್. ಎರೆ ಮಣ್ಣಿಗೂ ಅದಕ್ಕೂ ಹೊಂದಿಕೆಯಾಗಲಿಲ್ಲ. ಮಣ್ಣು ಒಣಗಿದಂತೆ ಕುಗ್ಗಿ ಬಿರುಕು ಬಿಡುತ್ತದೆ, ಬಿರುಕು ಹೆಚ್ಚಾಗಿ ಸೆನ್ಸರ್ ನೆಟ್ಟ ಕಡೆಯೇ ಬಾಯಿ ತೆರೆಯುತ್ತದೆ. ಆಗ ಅದು ಅಳೆಯುವುದು ಗಾಳಿಯನ್ನು. ನಿನ್ನೆ ಇದ್ದ ಅಂಕಿ ಇಂದು ಬೆಳಿಗ್ಗೆ ನೆಲ ಕಚ್ಚಿದ್ದರೆ ಬೆಳೆ ನೀರು ಕುಡಿದಿದೆ ಎಂದಲ್ಲ, ಸಂದು ಬಿದ್ದಿದೆ ಎಂದರ್ಥ. ನಿಜವಾದ ಒಣಗುವಿಕೆ ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಯುತ್ತದೆ. ಅದೇ ಮಣ್ಣಿನ ಕೆಸರು ಕಲಸಿ, ಮಳೆ ಚೆನ್ನಾಗಿ ಇಂಗಿದ ಮೇಲೆ ನೆಟ್ಟಾಗ ಕೆಲವು ವಾರ ಸರಿಯಾಗಿತ್ತು. ಅಕ್ಟೋಬರ್ ಬಂದ ಮೇಲೆ ಮತ್ತೆ ಅದೇ ಹಾಡು. ಮೇಲಾಗಿ ಕೃಷಿ ಹೊಂಡವಿಲ್ಲದ ನನಗೆ ತೇವ ಕಡಿಮೆಯಾಗಿದೆ ಎಂದು ಮೊಬೈಲ್ ಹೇಳಿದರೆ ಮಾಡುವುದಾದರೂ ಏನು? ಹೂ ಬಿಡುವ ಹೊತ್ತಿಗೆ ಒಂದು ನೀರು ಕೊಡಲು ಹೊಂಡ ಇರುವವರು, ಕೆಂಪು ಮಣ್ಣಿನವರು ಪ್ರಯತ್ನಿಸಬಹುದು. ನಾನು ಕಿತ್ತು ವಾಪಸ್ ಕೊಟ್ಟು ಮಳೆಮಾಪಕ ಇಟ್ಟುಕೊಂಡೆ.

ಈ ವರ್ಷ ಒಂದೇ ಹಾರಾಟ, ಅಕ್ಟೋಬರ್‌ನದು. ಎಂಟು ಎಕರೆಗೆಂದು ಅವರು ಬರುವುದಿಲ್ಲವಾದ್ದರಿಂದ ಬದುವಿನಾಚೆಯ ಮೂವರೊಂದಿಗೆ ಸೇರಿ ಒಂದೇ ದಿನ ಕರೆಸಿದ್ದೇವೆ. ಹಾರಿಸುವ ಮೊದಲು ಅಳತೆಯ ಬೂದು ಫಲಕದ ಚಿತ್ರ ತೆಗೆಯಬೇಕು, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಹಾರಿಸಬೇಕು, ಬಣ್ಣ ಹಚ್ಚದ ಮೂಲ ಚಿತ್ರವನ್ನೂ ನಮಗೆ ಕೊಡಬೇಕು ಎಂದು ಮೊದಲೇ ಹೇಳಿದ್ದೇನೆ. ಫಲಕವಿಲ್ಲದಿದ್ದರೆ ಹೋದ ವರ್ಷದ ಬಣ್ಣದೊಂದಿಗೆ ಈ ವರ್ಷದ್ದನ್ನು ಹೋಲಿಸಲು ಆಗುವುದಿಲ್ಲ. ಕ್ವಿಂಟಲ್ ಅಂದಾಜಿನ ಪುಟ ಬೇಡವೆಂದು ಅದರ ಹಣ ಕಡಿತ ಮಾಡಿಸಿಕೊಂಡೆ.