ಹಾಲು ಕಾಯಿಸಲು ಯಾವ ಪಾತ್ರೆ: ತೆಳು ಸ್ಟೀಲ್, ದಪ್ಪ ತಳ, ಮಿಲ್ಕ್ ಕುಕ್ಕರ್

ಹಾಲು ತಳ ಹಿಡಿಯುವುದೂ ಉಕ್ಕುವುದೂ ಎರಡು ಬೇರೆ ತೊಂದರೆಗಳು. ಒಂದನ್ನು ತಡೆಯುವ ಪಾತ್ರೆ ಇನ್ನೊಂದನ್ನೂ ತಡೆಯುತ್ತದೆ ಎಂದುಕೊಳ್ಳುವಂತಿಲ್ಲ. ನಮ್ಮ ಮನೆಯ ಗ್ಯಾಸ್ ಒಲೆಯ ಮೇಲೆ ಒಂದೊಂದು ಲೀಟರ್ ಪ್ಯಾಕೆಟ್ ಹಾಲನ್ನು ಮೂರು ಬಗೆಯ ಪಾತ್ರೆಗಳಲ್ಲಿ ಕಾಯಿಸಿ ನೋಡಿದಾಗ ಈ ವ್ಯತ್ಯಾಸ ಸ್ಪಷ್ಟವಾಯಿತು.

ತೆಳು ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗುವ ಜಾಗ ಮಾತ್ರ ವಿಪರೀತ ಕಾಯುತ್ತದೆ, ಏಕೆಂದರೆ ಸ್ಟೀಲ್ ಶಾಖವನ್ನು ಅಕ್ಕಪಕ್ಕಕ್ಕೆ ಬೇಗ ಹರಡುವುದಿಲ್ಲ. ಹಾಲಿನ ಬಿಸಿ ಸುಮಾರು 70 ಡಿಗ್ರಿ ದಾಟುವಾಗ ಅದರಲ್ಲಿರುವ ಕೆಲವು ಪ್ರೋಟೀನುಗಳು ರೂಪಗೆಟ್ಟು, ಸುಣ್ಣದ ಅಂಶದೊಂದಿಗೆ ತಳಕ್ಕೆ ಅಂಟಿಕೊಳ್ಳುತ್ತವೆ. ಆ ಪದರವೇ ಮುಂದೆ ಕಂದಾಗಿ ಸೀಯುತ್ತದೆ. ಬರ್ನರಿನ ಆಕಾರದಲ್ಲೇ ಉಂಗುರದಂಥ ಕಲೆ ಮೂಡುವುದು ಇದರಿಂದಲೇ. ಹಾಲು ಹಾಕುವ ಮೊದಲು ಪಾತ್ರೆಯನ್ನು ನೀರಿನಲ್ಲಿ ತೊಳೆದು ಒರೆಸದೆ ಬಿಡುವ ರೂಢಿಯಿಂದ ಅಂಟು ಸ್ವಲ್ಪ ಕಡಿಮೆಯಾಯಿತು, ಆದರೆ ದೊಡ್ಡ ಉರಿಯಲ್ಲಿ ಅದೂ ಸಾಲಲಿಲ್ಲ.

ನಡುವೆ ಅಲ್ಯೂಮಿನಿಯಂ ಪದರವಿರುವ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಶಾಖ ತಳದ ತುಂಬ ಹಂಚಿಹೋಗುವುದರಿಂದ ಮಧ್ಯಮ ಉರಿಯಲ್ಲಿ, ಆಗಾಗ ಸೌಟಿನಿಂದ ತಳ ಮುಟ್ಟಿ ಕೈಯಾಡಿಸಿದರೆ, ಕಲೆಯೇ ಉಳಿಯಲಿಲ್ಲ. ಆದರೆ ಉಕ್ಕುವ ವಿಷಯದಲ್ಲಿ ಇದು ತೆಳು ಪಾತ್ರೆಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಮೇಲಿನ ಕೆನೆಯ ಪದರದಡಿ ಆವಿ ಸಿಕ್ಕಿಕೊಂಡು ನೊರೆ ಏಳುತ್ತಿರುವಾಗ ಒಲೆ ಆರಿಸಿದರೂ ತಳದಲ್ಲಿ ಉಳಿದ ಶಾಖ ಹಾಲನ್ನು ಇನ್ನಷ್ಟು ಮೇಲೇರಿಸುತ್ತದೆ. ಹಾಗಾಗಿ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುತ್ತಲೇ ಉರಿಯನ್ನು ತೀರಾ ಸಣ್ಣದು ಮಾಡಬೇಕು, ಕೆನೆ ನಡುವೆ ಉಬ್ಬತೊಡಗಿದ ಕ್ಷಣವೇ ಆರಿಸಿ, ಸೌಟಿನಿಂದ ಕೆನೆ ಒಡೆಯಬೇಕು. ಒಂದು ಲೀಟರ್ ಹಾಲಿಗೆ ಎರಡು ಲೀಟರಾದರೂ ಹಿಡಿಸುವ ಪಾತ್ರೆ ಇರಲಿ.

ಎರಡು ಗೋಡೆಗಳ ನಡುವೆ ನೀರು ತುಂಬುವ ಮಿಲ್ಕ್ ಕುಕ್ಕರಿನಲ್ಲಿ ಎರಡು ತೊಂದರೆಗಳೂ ಇಲ್ಲ, ಏಕೆಂದರೆ ಹಾಲಿಗೆ ತಾಗುವ ಒಳಗೋಡೆ ನೀರಿನ ಕುದಿಬಿಸಿಯನ್ನು ಹೆಚ್ಚು ಮೀರುವುದಿಲ್ಲ. ಸೀಟಿ ಕೂಗಿದ ಮೇಲೆ ಬಂದು ಆರಿಸಿದರಾಯಿತು. ಆದರೆ ಹಾಲು ನಿಧಾನವಾಗಿ ಕಾಯುತ್ತದೆ. ನೀರು ಬತ್ತದಂತೆ ನೋಡಿಕೊಳ್ಳಬೇಕು. ಬಾಸುಂದಿಗೋ ಖೋವಾಗೋ ಹಾಲನ್ನು ಬತ್ತಿಸಲು ಇದು ಆಗದು. ಆ ಕೆಲಸಕ್ಕೆ ದಪ್ಪ ತಳದ ಅಗಲ ಬಾಣಲೆಯೇ ಬೇಕು, ಎಡೆಬಿಡದ ಕೈಯಾಡಿಕೆಯೂ ಬೇಕು.

ನಿತ್ಯದ ಕಾಫಿ-ಟೀ ಹಾಲಿಗೆ, ಬೆಳಗಿನ ಗಡಿಬಿಡಿಯಲ್ಲಿ ಒಲೆಯ ಮುಂದೆ ನಿಲ್ಲಲಾಗದವರಿಗೆ ನಾನು ಕುಕ್ಕರನ್ನೇ ಹೇಳುತ್ತೇನೆ. ಒಂದೇ ಪಾತ್ರೆ ಕೊಳ್ಳುವುದಾದರೆ ದಪ್ಪ ತಳದ್ದು. ಯಾವುದರಲ್ಲಾದರೂ ಸೌಟಿಗೆ ತಳ ಒರಟಾಗಿ ತಾಗಿದರೆ ಕೆರೆಯಲು ಹೋಗದೆ ಹಾಲನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ ಕಾಯಿಸಿ. ಕೆರೆದರೆ ಸೀದ ವಾಸನೆ ಇಡೀ ಹಾಲಿಗೆ ಹಿಡಿಯುತ್ತದೆ.