ಎಲ್ಲ ಅಂಕಗಳಿಗೂ ಪದವೋ, ಎರಡು ತುದಿಗಳಿಗೆ ಮಾತ್ರವೋ?

ಸಮೀಕ್ಷೆಯಲ್ಲಿ 1ರಿಂದ 5ರವರೆಗಿನ ತೃಪ್ತಿಯ ಮಾಪಕ ಇದೆ ಎನ್ನೋಣ. ಎರಡು ತುದಿಗಳಿಗಷ್ಟೇ ಪದ ಕೊಟ್ಟರೆ 2, 3, 4ರ ಅರ್ಥವನ್ನು ಉತ್ತರಿಸುವವರೇ ಊಹಿಸಿಕೊಳ್ಳಬೇಕು. 3 ಎಂದರೆ ಒಬ್ಬರಿಗೆ ‘ಪರವಾಗಿಲ್ಲ’, ಇನ್ನೊಬ್ಬರಿಗೆ ‘ಗೊತ್ತಿಲ್ಲ’. ಅರ್ಥ ಸ್ಪಷ್ಟವಾಗಿರುವುದು ತುದಿಗಳಲ್ಲಿ ಮಾತ್ರ, ಹಾಗಾಗಿ 1 ಮತ್ತು 5ಕ್ಕೆ ಹೆಚ್ಚು ಉತ್ತರ ಬೀಳುತ್ತದೆ.

ಐದಕ್ಕೂ ಪದ ಬರೆದರೆ ಉತ್ತರಗಳು ತುದಿಯಿಂದ ಒಳಗೆ ಸರಿಯುತ್ತವೆ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಅದೇ ಉತ್ತರ ಬರುವ ಸಾಧ್ಯತೆಯೂ ಹೆಚ್ಚು. ಓದಿನ ಅಭ್ಯಾಸ ಕಡಿಮೆ ಇರುವವರಿಗೆ ಇದರಿಂದ ವಿಶೇಷ ಅನುಕೂಲ. ಆದರೆ ‘ಒಪ್ಪುತ್ತೇನೆ’ ಬಗೆಯ ಪ್ರಶ್ನೆಗಳಲ್ಲಿ ಒಪ್ಪಿಗೆಯ ಕಡೆ ವಾಲುವುದು ತುಸು ಹೆಚ್ಚಬಹುದು.

ಇಲ್ಲಿ ಕೆಲಸ ಕೆಡುವುದು ಪದಗಳ ಆಯ್ಕೆಯಲ್ಲಿ. ‘ಕಳಪೆ, ಸಾಧಾರಣ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅತ್ಯುತ್ತಮ’ ಎಂಬ ಸಾಲನ್ನೇ ನೋಡಿ: ಮೆಚ್ಚುಗೆಗೆ ಮೂರು ಜಾಗ, ದೂರಿಗೆ ಒಂದೇ. ನಡುವಿನ 3 ಈಗಾಗಲೇ ಹೊಗಳಿಕೆ. ಸೇವೆ ಹೇಗೇ ಇರಲಿ, ‘ಚೆನ್ನಾಗಿದೆ’ ಎಂದವರ ಪ್ರಮಾಣ ಉಬ್ಬಿ ಕಾಣುತ್ತದೆ. ‘ತುಂಬಾ ಅತೃಪ್ತಿ, ಸ್ವಲ್ಪ ಅತೃಪ್ತಿ, ಎರಡೂ ಅಲ್ಲ, ಸ್ವಲ್ಪ ತೃಪ್ತಿ, ತುಂಬಾ ತೃಪ್ತಿ’ ಎಂದು ಬರೆದರೆ ಎರಡೂ ಕಡೆ ಸಮ.

ಐದು ಅಥವಾ ಏಳು ಅಂಕಗಳಿದ್ದರೆ ಎಲ್ಲಕ್ಕೂ ಪದ ಕೊಡುವುದೇ ಲೇಸು. 0ಯಿಂದ 10ರ ಮಾಪಕಕ್ಕೆ ಹನ್ನೊಂದು ಬೇರೆ ಬೇರೆ ಪದ ಸಿಗುವುದು ಕಷ್ಟ, ಫೋನಿನಲ್ಲಿ ಅಷ್ಟನ್ನೂ ಓದಿ ಹೇಳಿದರೆ ಕೇಳುವವರ ನೆನಪಿನಲ್ಲಿ ಉಳಿಯುವುದಿಲ್ಲ. ಅಲ್ಲಿ ತುದಿಗಳಿಗೆ ಮಾತ್ರ ಸಾಕು. ಹಿಂದಿನ ಸುತ್ತಿನ ಫಲಿತಾಂಶದೊಂದಿಗೆ ಹೋಲಿಸಬೇಕಿದ್ದರೆ ಬಗೆಯನ್ನು ಬದಲಿಸಬೇಡಿ. ಬದಲಿಸಲೇಬೇಕಾದರೆ ಒಂದು ಸುತ್ತಿನಲ್ಲಿ ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ಎಂದು ಚೀಟಿ ಎತ್ತಿದಂತೆ ಹಂಚಿ, ಸರಾಸರಿಯ ಜೊತೆಗೆ ತುದಿಗಳ ಶೇಕಡಾವಾರನ್ನೂ ನೋಡಿ.